‘ಪುಸ್ತಕ’ ಎಂಬ ಒಂದು ಪದದೊಳಗೆ ಎರಡು ಕ್ಲಾಸ್: ಗ್ರಂಥಾಲಯದ ವಿವರಣೆಯನ್ನು ಓದುವ ಬಗೆ

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಬಿ.ಇ. ಎರಡನೇ ವರ್ಷ ಓದುತ್ತಿದ್ದೇನೆ. ಮಿನಿ ಪ್ರಾಜೆಕ್ಟ್‌ಗೆ ನಮ್ಮ ಏರಿಯಾದ ಗ್ರಂಥಾಲಯಕ್ಕೆ ಹೋಗಿ, ಗ್ರಂಥಪಾಲಕರನ್ನು ಕೇಳಿ ಒಂದು ವಿವರಣೆ ಬರೆದುಕೊಂಡು ಬಂದೆವು (ಕೆಳಗೆ ಹಾಕಿದ್ದೇನೆ). ನಾಮಪದಗಳೆಲ್ಲ ಕ್ಲಾಸ್, ಕ್ರಿಯಾಪದಗಳೆಲ್ಲ ಮೆಥಡ್ ಅಂತ ಗೆರೆ ಎಳೆದೆವು. ಹತ್ತಿಪ್ಪತ್ತು ಕ್ಲಾಸ್ ಆದವು, ಮೆಥಡ್‌ಗಳೆಲ್ಲ `Librarian` ಒಳಗೇ ಹೋಗಿ ಬಿದ್ದವು. ಯಾವ ಕ್ಲಾಸ್ ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು? ದಂಡದ ಲೆಕ್ಕ ಯಾರು ಹಾಕಬೇಕು?

*“ಗ್ರಂಥಾಲಯದಲ್ಲಿ ಪುಸ್ತಕಗಳಿವೆ. ಪ್ರತಿ ಪುಸ್ತಕಕ್ಕೂ ಶೀರ್ಷಿಕೆ, ಲೇಖಕರ ಹೆಸರು, ಐಎಸ್‌ಬಿಎನ್ ಇರುತ್ತದೆ. ಒಂದು ಪುಸ್ತಕದ ಹಲವು ಪ್ರತಿಗಳಿರಬಹುದು, ಪ್ರತಿಯೊಂದಕ್ಕೂ ಬೇರೆ ಬೇರೆ ಆಕ್ಸೆಷನ್ ನಂಬರ್ ಇರುತ್ತದೆ. ಸದಸ್ಯರು ಕಾರ್ಡ್ ತೋರಿಸಿ ಒಮ್ಮೆಗೆ ಮೂರು ಪುಸ್ತಕಗಳವರೆಗೆ 15 ದಿನಗಳಿಗೆ ಎರವಲು ಪಡೆಯಬಹುದು. ಗ್ರಂಥಪಾಲಕರು ಪುಸ್ತಕದಲ್ಲಿ ಹಿಂದಿರುಗಿಸಬೇಕಾದ ದಿನಾಂಕದ ಮುದ್ರೆ ಒತ್ತುತ್ತಾರೆ. ತಡವಾದರೆ ದಿನಕ್ಕೆ ಒಂದು ರೂಪಾಯಿಯಂತೆ ದಂಡ ವಿಧಿಸಲಾಗುತ್ತದೆ. ಬೇರೆಯವರು ತೆಗೆದುಕೊಂಡು ಹೋಗಿರುವ ಪುಸ್ತಕವನ್ನು ಸದಸ್ಯರು ಕಾಯ್ದಿರಿಸಬಹುದು. ಪುಸ್ತಕ ಬಂದ ಕೂಡಲೇ ಅವರಿಗೆ ತಿಳಿಸಲಾಗುತ್ತದೆ.”*

ಉತ್ತರ: ವಿವರಣೆಯನ್ನು ಪುಸ್ತಕದಿಂದ ನಕಲು ಮಾಡದೆ ಗ್ರಂಥಪಾಲಕರ ಬಾಯಿಂದಲೇ ಬರೆಸಿಕೊಂಡು ಬಂದಿದ್ದೀರಿ. ಹಾಗಾಗಿ ಇದರಲ್ಲಿ ನಿಜವಾದ ಗ್ರಂಥಾಲಯದ ಗಂಟುಗಳೆಲ್ಲ ಹಾಗೇ ಉಳಿದಿವೆ. ಅವುಗಳಲ್ಲಿ ಮುಖ್ಯವಾದ ಎರಡನ್ನು ಬಿಡಿಸಿದರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ.

ಮೊದಲು ವಿಧಾನದ ಬಗ್ಗೆ ಎರಡು ಮಾತು. ಬರೆದ ವಿವರಣೆಯ ನಾಮಪದಗಳಿಂದ ಡೇಟಾದ ಬಗೆಗಳನ್ನೂ ಕ್ರಿಯಾಪದಗಳಿಂದ ಅವುಗಳ ಮೇಲಿನ ಕೆಲಸಗಳನ್ನೂ ಹುಡುಕಬಹುದು ಎಂಬುದನ್ನು ರಸೆಲ್ ಅಬಾಟ್ 1983ರಲ್ಲಿ ಒಂದು ಲೇಖನದಲ್ಲಿ ವಿವರಿಸಿದರು. ಮುಂದೆ ಅದು ಆಬ್ಜೆಕ್ಟ್ ಓರಿಯೆಂಟೆಡ್ ವಿನ್ಯಾಸದ ಪಾಠಗಳಿಗೆಲ್ಲ ಹಬ್ಬಿತು. ಹಬ್ಬುವಾಗ ಒಂದು ಮಾತು ಬಿಟ್ಟುಹೋಯಿತು: ಗೆರೆ ಎಳೆದು ಸಿಕ್ಕಿದ್ದು ಅಭ್ಯರ್ಥಿಗಳ ಪಟ್ಟಿ, ಆಯ್ಕೆಯಾದವರ ಪಟ್ಟಿ ಅಲ್ಲ. ಗೆರೆ ಎಳೆಯುವುದು ಹತ್ತು ನಿಮಿಷದ ಕೆಲಸ. ಆಯ್ಕೆ ಮಾಡುವುದೇ ನಿಜವಾದ ಕೆಲಸ, ನೀವು ನಿಂತಿರುವುದೂ ಅಲ್ಲಿಯೇ.

ನಿಮ್ಮ ಪಟ್ಟಿಯಲ್ಲಿ ಗ್ರಂಥಾಲಯ, ಪುಸ್ತಕ, ಶೀರ್ಷಿಕೆ, ಲೇಖಕ, ಐಎಸ್‌ಬಿಎನ್, ಪ್ರತಿ, ಆಕ್ಸೆಷನ್ ನಂಬರ್, ಸದಸ್ಯ, ಕಾರ್ಡ್, ದಿನ, ಗ್ರಂಥಪಾಲಕ, ದಿನಾಂಕ, ಮುದ್ರೆ, ರೂಪಾಯಿ, ದಂಡ ಇಷ್ಟು ಇರಬೇಕು. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಬರೆಯಿರಿ: ಈ ವ್ಯವಸ್ಥೆ ಇದರ ಬಗ್ಗೆ ಒಂದಕ್ಕಿಂತ ಹೆಚ್ಚು ಸಂಗತಿ ನೆನಪಿಟ್ಟುಕೊಳ್ಳಬೇಕೇ, ಮತ್ತು ಯಾರಾದರೂ ಇದನ್ನು ಏನಾದರೂ ಕೇಳುತ್ತಾರೆಯೇ? ಶೀರ್ಷಿಕೆ, ಐಎಸ್‌ಬಿಎನ್, ಆಕ್ಸೆಷನ್ ನಂಬರ್ ಒಂದೊಂದೇ ಬೆಲೆಗಳು. ಬೇರೆ ಯಾವುದಕ್ಕೋ ಸೇರಿದ ಆಟ್ರಿಬ್ಯೂಟ್‌ಗಳು. ರೂಪಾಯಿ, ದಿನ ಅಳತೆಗಳು. ಮುದ್ರೆ ಕಾಗದದ ಮೇಲಿನ ಗುರುತು, ಅದು ಹೇಳುವ ದಿನಾಂಕ ಮಾತ್ರ ನಮಗೆ ಬೇಕು. ಕಾರ್ಡ್ ಇಲ್ಲಿ ಸದಸ್ಯತ್ವದ ಸಂಖ್ಯೆಯನ್ನು ತೋರಿಸುವ ಸಾಧನ ಅಷ್ಟೇ. ಕಳೆದುಹೋದ ಕಾರ್ಡಿಗೆ ನಕಲು ಕೊಡುವುದು, ಹಳೆಯದನ್ನು ರದ್ದು ಮಾಡುವುದು ವಿವರಣೆಯಲ್ಲಿದ್ದರೆ ಮಾತು ಬೇರೆ. ಲೇಖಕರೂ ಸದ್ಯಕ್ಕೆ ಒಂದು ಹೆಸರು ಮಾತ್ರ.

ಗ್ರಂಥಪಾಲಕರ ವಿಷಯದಲ್ಲಿ ಹುಷಾರಾಗಿರಬೇಕು. ಅವರು ವಿವರಣೆಯಲ್ಲಿ ಓಡಾಡುತ್ತಾರೆ, ಕೆಲಸ ಮಾಡುತ್ತಾರೆ. ಆದರೆ ಅವರು ಈ ಸಾಫ್ಟ್‌ವೇರನ್ನು *ಬಳಸುವವರು*. ಅವರ ಸಂಬಳ, ಪಾಳಿ, ಹೆಸರು ಯಾವುದನ್ನೂ ನಿಮ್ಮ ವ್ಯವಸ್ಥೆ ನೆನಪಿಟ್ಟುಕೊಳ್ಳುವುದಿಲ್ಲ. ಹೊರಗೆ ನಿಂತು ಬಟನ್ ಒತ್ತುವವರನ್ನು ಕ್ಲಾಸ್ ಮಾಡಿದಾಗಲೇ ಮೆಥಡ್‌ಗಳೆಲ್ಲ ಅವರ ತಲೆ ಮೇಲೆ ಬೀಳುವುದು. ಅದು ಹೇಗೆ ಎಂದು ಆಮೇಲೆ ನೋಡೋಣ.

ಈಗ ಮೊದಲ ಗಂಟು. ನಿಮ್ಮ ವಿವರಣೆಯಲ್ಲಿ ‘ಪುಸ್ತಕ’ ಎಂಬ ಪದ ಮತ್ತೆ ಮತ್ತೆ ಬರುತ್ತದೆ. ನೀವು ಅಲ್ಲೆಲ್ಲ ಒಂದೇ ಬಣ್ಣದ ಗೆರೆ ಎಳೆದು ಒಂದು `Book` ಮಾಡಿಕೊಂಡಿರುತ್ತೀರಿ. ಆದರೆ ಗ್ರಂಥಪಾಲಕರು ಆ ಪದವನ್ನು ಎರಡು ಅರ್ಥದಲ್ಲಿ ಬಳಸಿದ್ದಾರೆ. ಇದನ್ನು ಕಂಡುಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ: ‘ಪುಸ್ತಕ’ ಎಂದಿರುವ ಕಡೆಯಲ್ಲೆಲ್ಲ ‘4182 ನಂಬರಿನ ಪ್ರತಿ’ ಎಂದು ಹಾಕಿ ಓದಿ. ವಾಕ್ಯ ನಿಂತರೆ ಅದು ಕಪಾಟಿನಲ್ಲಿರುವ, ಕೈಗೆ ಸಿಗುವ ಪ್ರತಿ. ವಾಕ್ಯ ಎಡವಿದರೆ ಅದು ಕೃತಿ.

“4182 ನಂಬರಿನ ಪ್ರತಿಯನ್ನು 15 ದಿನಗಳಿಗೆ ಎರವಲು ಪಡೆಯಬಹುದು.” ಸರಿಯಾಗಿದೆ. “4182 ನಂಬರಿನ ಪ್ರತಿಯಲ್ಲಿ ದಿನಾಂಕದ ಮುದ್ರೆ ಒತ್ತುತ್ತಾರೆ.” ಇದೂ ಸರಿ. “4182 ನಂಬರಿನ ಪ್ರತಿಯ ಹಲವು ಪ್ರತಿಗಳಿರಬಹುದು.” ಇಲ್ಲಿ ಎಡವಿತು. “ಪ್ರತಿಗೂ ಶೀರ್ಷಿಕೆ, ಲೇಖಕರ ಹೆಸರು ಇರುತ್ತದೆ” ಎಂದರೆ ವಾಕ್ಯವೇನೋ ನಿಲ್ಲುತ್ತದೆ, ಆದರೆ ಮೂರು ಪ್ರತಿಗಳಿಗೂ ಅದೇ ಹೆಸರನ್ನು ಮೂರು ಸಲ ಬರೆದಿಡಬೇಕು. ಯಾರೋ ಒಂದು ಕಡೆ ಕಾಗುಣಿತ ತಿದ್ದಿ ಇನ್ನೆರಡು ಕಡೆ ಮರೆತರೆ ಒಂದೇ ಕೃತಿ ಎರಡು ಕೃತಿಯಾಗಿ ಕಾಣಿಸುತ್ತದೆ. ಅಂದರೆ ಶೀರ್ಷಿಕೆ ಕೃತಿಗೆ ಸೇರಿದ್ದು.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಯ್ದಿರಿಸುವ ವಾಕ್ಯ. “4182 ನಂಬರಿನ ಪ್ರತಿಯನ್ನು ಕಾಯ್ದಿರಿಸಬಹುದು” ಎಂದು ಓದಿ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಸದಸ್ಯರಿಗೆ ಬೇಕಾದದ್ದು ಅದಲ್ಲ. ಒಂದು ಕಾದಂಬರಿಯ 4181, 4182, 4183 ಎಂಬ ಮೂರು ಪ್ರತಿಗಳೂ ಹೊರಗೆ ಹೋಗಿವೆ ಎಂದುಕೊಳ್ಳಿ. ನೀವು ಕಾಯ್ದಿರಿಸುವಿಕೆಯನ್ನು ಪ್ರತಿಗೆ ಕಟ್ಟಿದ್ದೀರಿ, ಸದಸ್ಯರ ಹೆಸರು 4182ಕ್ಕೆ ಅಂಟಿಕೊಂಡಿದೆ. ಮರುದಿನ 4181 ವಾಪಸ್ ಬರುತ್ತದೆ. ನಿಮ್ಮ ಪ್ರೋಗ್ರಾಂ ಅದಕ್ಕೆ ಯಾರೂ ಕಾಯುತ್ತಿಲ್ಲ ಎಂದು ಕಪಾಟಿಗೆ ಕಳಿಸುತ್ತದೆ. 4182 ತೆಗೆದುಕೊಂಡವರು ಎರಡು ತಿಂಗಳಾದರೂ ತರುವುದಿಲ್ಲ. ಸದಸ್ಯರು ಕಾಯುತ್ತಲೇ ಇರುತ್ತಾರೆ, ಅವರು ಕೇಳಿದ ಕಾದಂಬರಿ ಎದುರಿಗೇ ಕಪಾಟಿನಲ್ಲಿ ಕೂತಿರುತ್ತದೆ. ಕೋಡ್ ಎಲ್ಲೂ ಎರರ್ ಕೊಡುವುದಿಲ್ಲ, ಹಾಗಾಗಿ ಟೆಸ್ಟ್ ಮಾಡುವಾಗಲೂ ಇದು ಸಿಕ್ಕಿಬೀಳುವುದಿಲ್ಲ. ಒಂದೊಂದೇ ಪ್ರತಿ ಇಟ್ಟುಕೊಂಡು ಟೆಸ್ಟ್ ಮಾಡುವವರಿಗಂತೂ ಎಂದಿಗೂ ಕಾಣಿಸದು.

ಆದ್ದರಿಂದ ಎರಡು ಕ್ಲಾಸ್: ಕೃತಿಗೆ `Title`, ಪ್ರತಿಗೆ `Copy`. ಕಾಯ್ದಿರಿಸುವುದು `Title`ಗೆ, ಎರವಲು ಕೊಡುವುದು `Copy`ಯನ್ನು. ಕೊನೆಯ ವಾಕ್ಯದ ‘ಪುಸ್ತಕ ಬಂದ ಕೂಡಲೇ’ ಎಂಬುದನ್ನು ಬಿಡಿಸಿದರೆ ಅದರಲ್ಲಿ ಎರಡೂ ಇವೆ: *ಈ ಕೃತಿಯ ಯಾವುದಾದರೊಂದು ಪ್ರತಿ* ಬಂದ ಕೂಡಲೇ. `Book` ಎಂಬ ಹೆಸರನ್ನು ಪೂರ್ತಿ ಕೈಬಿಡಿ ಎಂದೇ ಹೇಳುತ್ತೇನೆ. ಆ ಹೆಸರು ಉಳಿದರೆ ನಿಮ್ಮ ತಂಡದಲ್ಲಿ ಒಬ್ಬರು ಅದನ್ನು ಕೃತಿ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ಪ್ರತಿ ಎಂದುಕೊಳ್ಳುತ್ತಾರೆ.

ಎರಡನೇ ಗಂಟು ಕ್ರಿಯಾಪದದಲ್ಲಿದೆ. ನಿಮ್ಮ ಪಟ್ಟಿಯಲ್ಲಿ ‘ಹಿಂದಿರುಗಿಸಬೇಕಾದ ದಿನಾಂಕ’ ಎಂಬ ಆಟ್ರಿಬ್ಯೂಟ್ ಇದೆಯಲ್ಲ, ಅದನ್ನು ಯಾರ ಮನೆಗೆ ಸೇರಿಸಿದಿರಿ? ಹೆಚ್ಚಿನವರು ಪ್ರತಿಯೊಳಗೆ ಇಡುತ್ತಾರೆ, ಏಕೆಂದರೆ ಮುದ್ರೆ ಬೀಳುವುದು ಅಲ್ಲಿಯೇ. ಹಾಗಾದರೆ ಪ್ರತಿ ಕಪಾಟಿನಲ್ಲಿದ್ದಾಗ ಆ ದಿನಾಂಕ ಏನು? ಖಾಲಿ. ಮತ್ತೊಬ್ಬರು ತೆಗೆದುಕೊಂಡಾಗ? ಹಳೆಯದು ಅಳಿಸಿಹೋಗಿ ಹೊಸದು ಬರುತ್ತದೆ. ಹಿಂದಿನ ಸದಸ್ಯರು “ನಾನು ಸರಿಯಾದ ದಿನಕ್ಕೇ ಕೊಟ್ಟಿದ್ದೆ, ದಂಡ ಯಾಕೆ?” ಎಂದು ಬಂದು ಕೇಳಿದರೆ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ. ಸದಸ್ಯರೊಳಗೆ ಇಟ್ಟರೋ? ಅವರ ಬಳಿ ಮೂರು ಪುಸ್ತಕಗಳಿವೆ, ಮೂರಕ್ಕೂ ಬೇರೆ ಬೇರೆ ದಿನಾಂಕ.

ಹೀಗೆ ಎರಡೂ ಕಡೆ ಕೂರದ ಆಟ್ರಿಬ್ಯೂಟ್ ಸಿಕ್ಕಿದಾಗ ಪಟ್ಟಿಯಲ್ಲಿ ಒಂದು ಕ್ಲಾಸ್ ತಪ್ಪಿಹೋಗಿದೆ ಎಂದೇ ತಿಳಿಯಿರಿ. ಇಲ್ಲಿ ಅದು ‘ಎರವಲು ಪಡೆಯಬಹುದು’ ಎಂಬ ಕ್ರಿಯೆಯೊಳಗೆ ಅಡಗಿದೆ. ಇಂಥ ಸದಸ್ಯರು ಇಂಥ ಪ್ರತಿಯನ್ನು ಇಂಥ ದಿನ ತೆಗೆದುಕೊಂಡರು ಎಂಬ *ಸಂಗತಿ*ಯನ್ನೇ ವ್ಯವಸ್ಥೆ ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಆರಂಭವಿದೆ, ಗಡುವು ಇದೆ, ಮುಕ್ತಾಯವಿದೆ. ಅದು `Loan`. ‘ಕಾಯ್ದಿರಿಸು’ ಕೂಡ ಇದೇ ಜಾತಿಯದು. ಯಾರು, ಯಾವ ಕೃತಿಗೆ, ಯಾವಾಗ ಕೇಳಿದರು ಎಂಬುದಿಲ್ಲದೆ ಸರತಿ ಕಟ್ಟಲು ಬರುವುದಿಲ್ಲ, ಹಾಗಾಗಿ `Reservation`. ಎಲ್ಲ ಕ್ರಿಯಾಪದಗಳೂ ಹೀಗಲ್ಲ. ‘ಕಾರ್ಡ್ ತೋರಿಸಿ’ ಎಂಬುದು ಮುಗಿದ ಮೇಲೆ ಏನೂ ಉಳಿಯುವುದಿಲ್ಲ, ಅದನ್ನು ಕ್ಲಾಸ್ ಮಾಡುವ ಅಗತ್ಯವಿಲ್ಲ. ಕ್ರಿಯೆ ಮುಗಿದ ನಂತರವೂ ಅದರ ಬಗ್ಗೆ ಯಾರಾದರೂ ಪ್ರಶ್ನೆ ಕೇಳುವುದಿದ್ದರೆ ಮಾತ್ರ ಅದಕ್ಕೊಂದು ಕ್ಲಾಸ್ ಬೇಕು.

ಇದು ಕಂಪ್ಯೂಟರ್‌ನವರು ಹುಟ್ಟಿಸಿದ ಯೋಚನೆ ಅಲ್ಲ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಗ್ರಂಥಾಲಯಗಳಲ್ಲಿ ಬ್ರೌನ್ ಪದ್ಧತಿ ಎಂದು ಒಂದಿದೆ, ನಮ್ಮ ದೇಶದಲ್ಲೂ ದಶಕಗಳ ಕಾಲ ನಡೆದದ್ದು. ಪ್ರತಿಯೊಂದು ಪುಸ್ತಕದೊಳಗೆ ಅದರ ನಂಬರ್ ಬರೆದ ಪುಟ್ಟ ಬುಕ್ ಕಾರ್ಡ್ ಇರುತ್ತದೆ. ಸದಸ್ಯರ ಬಳಿ ಜೇಬಿನ ಆಕಾರದ ಟಿಕೆಟ್‌ಗಳಿರುತ್ತವೆ, ಎಷ್ಟು ಪುಸ್ತಕ ಪಡೆಯಬಹುದೋ ಅಷ್ಟು. ಪುಸ್ತಕ ಕೊಡುವಾಗ ಬುಕ್ ಕಾರ್ಡನ್ನು ತೆಗೆದು ಆ ಟಿಕೆಟ್ಟಿನ ಜೇಬಿಗೆ ಸೇರಿಸುತ್ತಾರೆ. ಹಾಗೆ ಜೋಡಿಯಾದದ್ದನ್ನು ಟ್ರೇನಲ್ಲಿ ಹಿಂದಿರುಗಿಸಬೇಕಾದ ದಿನಾಂಕದ ಹಿಂದೆ ಜೋಡಿಸಿಡುತ್ತಾರೆ. ಆ ಟ್ರೇನಲ್ಲಿರುವ ಒಂದೊಂದು ಜೋಡಿಯೂ ಒಂದೊಂದು `Loan` ಆಬ್ಜೆಕ್ಟ್: ಒಂದು ಪ್ರತಿ, ಒಬ್ಬ ಸದಸ್ಯ, ಒಂದು ದಿನಾಂಕ. ಮೂರು ಪುಸ್ತಕದ ಮಿತಿಯನ್ನು ಯಾರು ಕಾಯುತ್ತಾರೆ ಎಂಬುದಕ್ಕೂ ಅಲ್ಲೇ ಉತ್ತರವಿದೆ. ಸದಸ್ಯರ ಕೈಯಲ್ಲಿ ಟಿಕೆಟ್ ಉಳಿದಿಲ್ಲ ಎಂದರೆ ಇನ್ನೊಂದು ಪುಸ್ತಕ ಇಲ್ಲ. ಅಂದರೆ ಆ ಜವಾಬ್ದಾರಿ `Member`ನದು. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಪುಸ್ತಕ ವಾಪಸ್ ಬಂದಾಗ ಬ್ರೌನ್ ಪದ್ಧತಿಯಲ್ಲಿ ಜೋಡಿ ಬಿಡಿಸಿಹೋಗುತ್ತದೆ, ಯಾರು ಏನು ಓದಿದರು ಎಂಬ ಗುರುತು ಉಳಿಯುವುದಿಲ್ಲ. ನೀವು `Loan` ಅನ್ನು ಅಳಿಸದೆ ಮುಗಿದ ದಿನಾಂಕ ಬರೆದು ಇಟ್ಟುಕೊಳ್ಳಬಹುದು.

ಈಗ ಮೆಥಡ್‌ಗಳಿಗೆ ಬರೋಣ. ನೀವು ಮಾಡಿದ್ದು ಹೀಗಿರಬೇಕು: ವಾಕ್ಯದಲ್ಲಿ ಕೆಲಸ ಮಾಡುವವರು ಯಾರೋ ಅವರ ಕ್ಲಾಸಿಗೆ ಆ ಕ್ರಿಯಾಪದ. ಗ್ರಂಥಪಾಲಕರು ಮುದ್ರೆ ಒತ್ತುತ್ತಾರೆ, ಆದ್ದರಿಂದ `Librarian.stampDate()`. ‘ದಂಡ ವಿಧಿಸಲಾಗುತ್ತದೆ’, ‘ಅವರಿಗೆ ತಿಳಿಸಲಾಗುತ್ತದೆ’ ಎಂಬ ವಾಕ್ಯಗಳಲ್ಲಂತೂ ಮಾಡುವವರೇ ಇಲ್ಲ. ಮಾಡುವವರು ಇಲ್ಲದ ಕಡೆ ನಾವು ಮನಸ್ಸಿನಲ್ಲಿ ಗ್ರಂಥಪಾಲಕರನ್ನೇ ತುಂಬಿಕೊಳ್ಳುತ್ತೇವೆ, ಅದೂ ಅವರ ಲೆಕ್ಕಕ್ಕೇ ಸೇರುತ್ತದೆ. ಕೊನೆಗೆ ಒಂದು ಕ್ಲಾಸ್ ಎಲ್ಲ ಕೆಲಸ ಮಾಡುತ್ತದೆ, ಉಳಿದವು ಬರೀ ಡೇಟಾ ಹೊತ್ತುಕೊಂಡು ಕೂರುತ್ತವೆ. ಆ ಕ್ಲಾಸ್ ಪ್ರತಿ ಮೆಥಡ್‌ನಲ್ಲೂ ಬೇರೆಯವರ `getDueDate()`, `getMember()` ಕರೆಯುತ್ತಾ ಇರುವುದು ಕಂಡರೆ ಜವಾಬ್ದಾರಿ ತಪ್ಪು ಜಾಗದಲ್ಲಿದೆ ಎಂದೇ ಅರ್ಥ.

ಯಾರು ಮಾಡುತ್ತಾರೆ ಎಂದು ಕೇಳುವ ಬದಲು, ಇದನ್ನು ಮಾಡಲು ಏನೇನು ಗೊತ್ತಿರಬೇಕು, ಅದು ಯಾರಿಗೆ ಗೊತ್ತು ಎಂದು ಕೇಳಿ. ದಂಡದ ಲೆಕ್ಕಕ್ಕೆ ಗಡುವಿನ ದಿನ ಗೊತ್ತಿರಬೇಕು, ವಾಪಸ್ ಬಂದ ದಿನ ಗೊತ್ತಿರಬೇಕು, ದಿನಕ್ಕೆ ಎಷ್ಟು ಎಂಬ ದರ ಗೊತ್ತಿರಬೇಕು. ಮೊದಲೆರಡೂ `Loan` ಬಳಿಯೇ ಇವೆ. ಹಾಗಾಗಿ ಎಷ್ಟು ದಿನ ತಡ ಎಂದು ಹೇಳುವುದು ಅದರದೇ ಕೆಲಸ. ದರ ಮಾತ್ರ ಒಂದು ಎರವಲಿಗೆ ಸೇರಿದ್ದಲ್ಲ, ಇಡೀ ಗ್ರಂಥಾಲಯದ ನಿಯಮ. ಅದನ್ನು ಹೊರಗಿನಿಂದ ಕೊಡಿ:

```python
from datetime import date, timedelta

class Loan:
    def __init__(self, copy, member, issued_on, days=15):
        self.copy = copy
        self.member = member
        self.issued_on = issued_on
        self.due_on = issued_on + timedelta(days=days)
        self.returned_on = None

    def days_late(self, today):
        end = self.returned_on or today
        return max(0, (end - self.due_on).days)

    def fine(self, today, rate):
        return self.days_late(today) * rate
```

2025ರ ಜೂನ್ 3ರಂದು ಕೊಟ್ಟ ಪ್ರತಿಯ ಗಡುವು ಜೂನ್ 18. ಅದು ಜೂನ್ 24ಕ್ಕೆ ವಾಪಸ್ ಬಂದರೆ 6 ದಿನ ತಡ, 6 ರೂಪಾಯಿ ದಂಡ. ಆಮೇಲೆ ಜುಲೈನಲ್ಲಿ ಯಾರಾದರೂ ಇದೇ `Loan` ಅನ್ನು ಮತ್ತೆ ಕೇಳಿದರೂ ಉತ್ತರ 6 ರೂಪಾಯಿಯೇ, ಏಕೆಂದರೆ `returned_on` ಒಮ್ಮೆ ತುಂಬಿದ ಮೇಲೆ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಬೇಗ ತಂದವರಿಗೆ ಋಣಾತ್ಮಕ ದಂಡ ಬರದಂತೆ `max` ನೋಡಿಕೊಳ್ಳುತ್ತದೆ. `Fine` ಎಂಬ ಪ್ರತ್ಯೇಕ ಕ್ಲಾಸ್ ಈ ವಿವರಣೆಗೆ ಬೇಡ. ಇಲ್ಲಿ ದಂಡವೆಂದರೆ ಲೆಕ್ಕ ಹಾಕಿದಾಗ ಬರುವ ಒಂದು ಸಂಖ್ಯೆ, ಅಷ್ಟೇ. ದಂಡ ಕಟ್ಟಿದ್ದಕ್ಕೆ ರಸೀದಿ ಕೊಡುತ್ತಾರೆ, ಬಾಕಿ ಉಳಿಸಿಕೊಳ್ಳಬಹುದು ಎಂದು ಗ್ರಂಥಪಾಲಕರು ಹೇಳಿದ ದಿನ ಅದಕ್ಕೆ ತನ್ನದೇ ನೆನಪು ಬೇಕಾಗುತ್ತದೆ, ಆಗ ಕ್ಲಾಸ್ ಮಾಡಿ.

ಹಂಚಿದ್ದು ಸರಿಯಾಗಿದೆಯೇ ಎಂದು ನೋಡಲು ಡಯಾಗ್ರಾಂ ಬರೆಯುವ ಮೊದಲು ಕಾರ್ಡ್‌ಗಳನ್ನು ಹಿಡಿದು ಆಡಿ ನೋಡಿ. ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ 1989ರಲ್ಲಿ ಪಾಠ ಹೇಳಲು ಬಳಸಿದ ಸಿಆರ್‌ಸಿ ಕಾರ್ಡ್ ಇದೇ: ಮೇಲೆ ಕ್ಲಾಸಿನ ಹೆಸರು, ಎಡಕ್ಕೆ ಅದರ ಜವಾಬ್ದಾರಿಗಳು, ಬಲಕ್ಕೆ ಅದು ಯಾರ ಸಹಾಯ ಕೇಳುತ್ತದೆ ಎಂಬುದು. ನಿಮ್ಮ ತಂಡದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಕೊಟ್ಟು, 4181 ವಾಪಸ್ ಬಂದ ಸಂದರ್ಭವನ್ನು ಗಟ್ಟಿಯಾಗಿ ಮಾತಾಡುತ್ತಾ ನಡೆಸಿ.

ಗ್ರಂಥಪಾಲಕರು ನಂಬರ್ ಒತ್ತಿದರು. `Copy` ಕಾರ್ಡ್ ಹಿಡಿದವರು, “ನನ್ನ ಮೇಲೆ ಈಗ ನಡೆಯುತ್ತಿರುವ `Loan` ಇದು, ನೀನು ಮುಗಿಸಿಕೋ” ಎನ್ನುತ್ತಾರೆ. `Loan` ಇವತ್ತಿನ ದಿನಾಂಕ ಬರೆದುಕೊಂಡು, ದಂಡ ಇದ್ದರೆ ಎಷ್ಟೆಂದು ಹೇಳುತ್ತದೆ. ಆಮೇಲೆ `Copy` ತನ್ನ `Title` ಅನ್ನು ಕೇಳುತ್ತದೆ: “ನಾನು ಬಂದೆ, ಯಾರಾದರೂ ಕಾಯುತ್ತಿದ್ದಾರಾ?” `Title` ತನ್ನ ಬಳಿಯಿರುವ `Reservation`ಗಳಲ್ಲಿ ಮೊದಲು ಕೇಳಿದ್ದನ್ನು ಎತ್ತಿಕೊಡುತ್ತದೆ. ಇಲ್ಲಿಯವರೆಗೆ ಸಲೀಸಾಗಿ ಹೋಯಿತು, ಯಾರೂ ಬೇರೆಯವರ ಜೇಬಿಗೆ ಕೈ ಹಾಕಲಿಲ್ಲ.

ಇಲ್ಲಿ ಆಟ ನಿಲ್ಲುತ್ತದೆ. ಕಾಯುತ್ತಿದ್ದವರಿಗೆ ತಿಳಿಸಿದ್ದಾಯಿತು, ಅವರು ಇನ್ನೂ ಬಂದಿಲ್ಲ. 4181 ಈಗ ಎಲ್ಲಿದೆ? ಕಪಾಟಿಗೆ ಹೋದರೆ ಇನ್ನೊಬ್ಬರು ತೆಗೆದುಕೊಂಡು ಹೋಗುತ್ತಾರೆ. ಮೇಜಿನ ಹಿಂದೆ ಎತ್ತಿಟ್ಟರೆ ಎಷ್ಟು ದಿನ? ನಿಮ್ಮ ವಿವರಣೆಯಲ್ಲಿ ‘ಎತ್ತಿಡು’ ಎಂಬ ಕ್ರಿಯಾಪದವೇ ಇಲ್ಲ. ಆದರೆ ಗ್ರಂಥಪಾಲಕರು ಆ ಕೆಲಸವನ್ನು ಮಾಡುತ್ತಲೇ ಇರಬೇಕು, ಹೇಳುವಷ್ಟು ದೊಡ್ಡ ವಿಷಯ ಅನ್ನಿಸಿರಲಿಕ್ಕಿಲ್ಲ. ನಾಮಪದ ಕ್ರಿಯಾಪದಗಳ ಹುಡುಕಾಟದ ಮಿತಿ ಇಲ್ಲಿದೆ: ಬರೆದದ್ದರಲ್ಲಿ ಮಾತ್ರ ಅದು ಹುಡುಕುತ್ತದೆ. ಬರೆಯದೆ ಬಿಟ್ಟದ್ದು ಕಾರ್ಡ್ ಹಿಡಿದು ಆಡಿದಾಗಲೇ ಹೊರಬರುವುದು. ಈಗ `Copy`ಗೆ ‘ಕಪಾಟಿನಲ್ಲಿದೆ’, ‘ಹೊರಗಿದೆ’ ಎಂಬ ಎರಡು ಸ್ಥಿತಿಗಳ ಜೊತೆ ‘ಎತ್ತಿಟ್ಟಿದೆ’ ಎಂಬ ಮೂರನೆಯದು ಬೇಕು. ಎತ್ತಿಟ್ಟ ಗಡುವನ್ನು ನೆನಪಿಡುವ ಜವಾಬ್ದಾರಿ `Reservation`ನದಾಗುತ್ತದೆ.

ಹಾಗಾಗಿ ಡಯಾಗ್ರಾಂ ಒಪ್ಪಿಸುವ ಮೊದಲು ಇನ್ನೊಮ್ಮೆ ಗ್ರಂಥಾಲಯಕ್ಕೆ ಹೋಗಿ ಬನ್ನಿ. ಎತ್ತಿಟ್ಟ ಪುಸ್ತಕವನ್ನು ಎಷ್ಟು ದಿನ ಕಾಯಿಸುತ್ತಾರೆ ಎಂದು ಕೇಳಿ. ಕಾಯ್ದಿರಿಸಿದವರಿರುವಾಗ ಪುಸ್ತಕ ಇಟ್ಟುಕೊಂಡವರು ಅವಧಿ ಮುಂದುವರಿಸಿಕೊಳ್ಳಬಹುದೇ ಎಂದು ಕೇಳಿ. ಪುಸ್ತಕ ಕಳೆದುಹೋಯಿತು ಎಂದು ಸದಸ್ಯರು ಬಂದು ಹೇಳಿದರೆ ದಂಡ ಅಲ್ಲಿಗೆ ನಿಲ್ಲುತ್ತದೆಯೇ ಅಥವಾ ಬೆಳೆಯುತ್ತಲೇ ಹೋಗುತ್ತದೆಯೇ ಎಂಬುದನ್ನೂ ಕೇಳಿ. ಕೊನೆಯದಾಗಿ, ವಾರದ ರಜೆ, ಹಬ್ಬದ ರಜೆಗಳೂ ತಡವಾದ ದಿನಗಳ ಲೆಕ್ಕಕ್ಕೆ ಸೇರುತ್ತವೆಯೇ ಎಂದು ತಪ್ಪದೆ ಕೇಳಿ. ಸೇರುತ್ತವೆ ಎಂದರೆ ಮೇಲಿನ `days_late` ಹಾಗೇ ಇರಲಿ. ದಸರಾ ರಜೆಯಲ್ಲಿ ಬಾಗಿಲು ಹಾಕಿದ್ದಾಗ ದಂಡ ಹಾಕುವುದಿಲ್ಲ ಎಂದರೆ ಬರೀ ಕಳೆಯುವ ಲೆಕ್ಕ ಸಾಲದು. ಯಾವ ದಿನ ತೆರೆದಿತ್ತು ಎಂದು `Loan` ಯಾರನ್ನಾದರೂ ಕೇಳಬೇಕಾಗುತ್ತದೆ, ಮತ್ತು ನಿಮ್ಮ ವಿವರಣೆಯ ಯಾವ ನಾಮಪದದಲ್ಲೂ ಇಲ್ಲದ `Calendar` ಎಂಬ ಕಾರ್ಡ್ ಒಂದನ್ನು ಮೇಜಿನ ಮೇಲೆ ಸೇರಿಸಬೇಕಾಗುತ್ತದೆ.